ಉತ್ತರ ಸರಿ, ಆದರೂ 4ಕ್ಕೆ 1

ಪ್ರಶ್ನೆ (10ನೇ ತರಗತಿ, ಮಲ್ಪೆ): ಸರ್, ಪ್ರಿಪರೇಟರಿಯಲ್ಲಿ ಗಣಿತಕ್ಕೆ 80ಕ್ಕೆ 51 ಬಂತು. ಉತ್ತರ ಜಾಸ್ತಿ ಎಲ್ಲ ಸರಿಯೇ. 'ಹಂತ ಎಲ್ಲಿ?' ಅಂತ ಪುಟಪುಟಕ್ಕೂ ಕೆಂಪು ಶಾಯಿ. ಈ ಲೆಕ್ಕ ನೋಡಿ: 60 ಕಿ.ಮೀ. ದಾರಿ. ಬಸ್ಸಿನ ವೇಗ ಗಂಟೆಗೆ 10 ಕಿ.ಮೀ. ಹೆಚ್ಚಿದ್ದರೆ ಅರ್ಧ ಗಂಟೆ ಮೊದಲೇ ತಲುಪುತ್ತಿತ್ತು. ವೇಗ ಎಷ್ಟು? ನಾನು 30 ಅಂತ ಬರೆದೆ. 4ಕ್ಕೆ 1 ಕೊಟ್ಟಿದ್ದಾರೆ. ಏನು ಮಾಡಲಿ?

ನಿವೃತ್ತ ಗಣಿತ ಶಿಕ್ಷಕ, ಉಡುಪಿ: 30 ಹೇಗೆ ಬಂತು ಹೇಳಲಾ? 60 ಕಿ.ಮೀ.ಗೆ 30ರಲ್ಲಿ ಎರಡು ಗಂಟೆ, 40ರಲ್ಲಿ ಒಂದೂವರೆ. ತಾಳೆಯಾಯಿತು, ಬರೆದೆ. ಅದು ಊಹೆ ಮಾರಾಯ. ಉತ್ತರ 30ರ ಬದಲು ಭಿನ್ನರಾಶಿ ಆಗಿದ್ದರೆ ಕೈ ನಿಲ್ಲುತ್ತಿತ್ತು. ಪೇಪರ್ ತಿದ್ದುವವರಿಗೆ ಬೇಕಾದ್ದು ಇಷ್ಟು:

```
ವೇಗ x ಆಗಿರಲಿ
60/x - 60/(x+10) = 1/2
1200 = x(x+10)
x² + 10x - 1200 = 0
(x+40)(x-30) = 0
x = -40 ಅಥವಾ x = 30
ವೇಗ ಋಣ ಆಗದು, x = 30 ಕಿ.ಮೀ./ಗಂಟೆ
```

ಎರಡನೇ ಸಾಲು ಸರಿ ಇದ್ದು ಮುಂದೆ ಗುಣಾಕಾರ ತಪ್ಪಿದರೂ ಆ ಸಾಲಿನ ಅಂಕ ನಿನ್ನದೇ. ಬರೀ ಉತ್ತರ ಬರೆದವನಿಗೆ ಅದು ತಪ್ಪಿದರೆ ಸೊನ್ನೆ.

ಮೊದಲ ವಾರ ಹೊಸ ಲೆಕ್ಕ ಬೇಡ. ಅದೇ ಪೇಪರಿನಲ್ಲಿ ಅಂಕ ಹೋದ ಲೆಕ್ಕಗಳನ್ನು ದಿನಕ್ಕೆರಡು ಪೂರ್ತಿ ಬರಿ, ಒಂದು ಸಾಲಿಗೆ ಒಂದೇ ಬದಲಾವಣೆ. ಎರಡನೇ ವಾರ ಕೆಳಗಿನ ಸಾಲುಗಳನ್ನು ಮುಚ್ಚಿ ಗೆಳೆಯನಿಗೆ ತೋರಿಸು. ಮುಂದಿನ ಸಾಲು ಅವನು ಹೇಳಬೇಕು. ಅವನು ತಡವರಿಸಿದಲ್ಲಿ ನೀನು ಒಂದು ಸಾಲು ನುಂಗಿದ್ದೀಯ. ಗಡಿಯಾರ ಮೂರನೇ ವಾರಕ್ಕೆ ಸಾಕು, 4 ಅಂಕಕ್ಕೆ 8 ನಿಮಿಷ.

ಪಿಯುಸಿ ವಿದ್ಯಾರ್ಥಿ, ಸುರತ್ಕಲ್: ಇಷ್ಟೆಲ್ಲ ಬರೆದರೆ ಟೈಮ್ ಸಾಲುವುದಿಲ್ಲ. ಸೂತ್ರ, ಉತ್ತರ ಎರಡೇ ಸಾಕು. ಸಿಇಟಿಯಲ್ಲಿ ಹಂತ ಯಾರು ನೋಡ್ತಾರೆ?

ನಿವೃತ್ತ ಗಣಿತ ಶಿಕ್ಷಕ: ಸಿಇಟಿ ಮಾತು ನಿಜ. ಆದರೆ ಇಲ್ಲಿ ಸಿದ್ಧ ಸೂತ್ರ ಎಲ್ಲಿದೆ? ಸಮೀಕರಣ ನಾವೇ ಕಟ್ಟಬೇಕು, ಅಂಕ ಇರುವುದೇ ಅಲ್ಲಿ. 1 ಅಂಕದ ಪ್ರಶ್ನೆಗೆ ಚಿಕ್ಕದಾಗಿ ಬರೆದು ಟೈಮ್ ಉಳಿಸು.

ತಾಯಿ, ಬಂಟ್ವಾಳ: ನಮ್ಮ ಮಗಳ ಅಕ್ಷರವೂ ಹೀಗೇ ಸರ್, ಕಾಪಿ ಬರೆಸಬೇಕಾ?

ನಿವೃತ್ತ ಗಣಿತ ಶಿಕ್ಷಕ: ಅಕ್ಷರದ ವಿಷಯ ಬೇರೆ ಅಮ್ಮ. ಆದರೆ 6 ಮತ್ತು 0 ಒಂದೇ ಥರ ಕಾಣಿಸಿದರೆ ಅದನ್ನು ಮಾತ್ರ ತಿದ್ದಿಸಿ.

ಕೇಳಿದವನು: ಸರ್, -40 ಯಾಕೆ ಬಿಟ್ಟೆ ಅಂತ ಬರೆಯದಿದ್ದರೆ ಅಂಕ ಹೋಗ್ತದಾ?

ನಿವೃತ್ತ ಗಣಿತ ಶಿಕ್ಷಕ: ನಾನು ಅರ್ಧ ಕಳೆಯುತ್ತಿದ್ದೆ. ಪಕ್ಕದ ಟೇಬಲಿನವರು ಕಳೆಯುತ್ತಿರಲಿಲ್ಲ. ನಿನ್ನ ಪೇಪರ್ ಯಾರ ಟೇಬಲಿಗೆ ಬರ್ತದೋ, ಆ ಒಂದು ಸಾಲು ಬರೆದುಬಿಡು.