ಅಪ್‌ಡೇಟ್: ಬೇಸಿಗೆ ಶಿಬಿರದ ‘ಸಂಪೂರ್ಣ ಸುರಕ್ಷತೆ’ ಬಗ್ಗೆ ವಿಚಾರಿಸಿದೆ

ನಾನು ಕೇಳಿದ್ದು: “5ರಿಂದ 14 ವರ್ಷದವರಿಗೆ ಶಿಬಿರವಂತೆ. ಚಿತ್ರಕಲೆ, ನಾಟಕ, ಈಜು ಇದೆ. ‘ಸಂಪೂರ್ಣ ಸುರಕ್ಷತೆ’ ಅಂತ ಹಾಕಿದ್ದಾರೆ. 6 ವರ್ಷದ ಮಗಳನ್ನು ಸೇರಿಸಬಹುದಾ?”

ಅಪ್‌ಡೇಟ್: ನೀವೆಲ್ಲ ಹೇಳಿದ ಹಾಗೆ, ಶುಲ್ಕ ಕಟ್ಟುವ ಮೊದಲೇ ಫೋನ್ ಮಾಡಿದೆ. ಹತ್ತು ಮಕ್ಕಳಿಗೆ ಒಬ್ಬ ತರಬೇತುದಾರರು ಅಂದರು. ಚಿತ್ರಕಲೆಗೆ ಅದು ಸಾಕು, ನೀರಿಗೆ ಸಾಲದು. ಅವರು ಒಂದು ಮಗುವಿಗೆ ಕೈಕಾಲು ಬಡಿಯಲು ಕಲಿಸುವಾಗ ಉಳಿದ ಒಂಬತ್ತು ಮಕ್ಕಳನ್ನು ನೋಡುವವರು ಯಾರು? ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಉಸಿರಾಡಲೇ ಆಗುತ್ತಿರುವುದಿಲ್ಲ ಅಲ್ವಾ. ಕಲಿಸುವ ಕೆಲಸವಿಲ್ಲದೆ ಸುಮ್ನೆ ನೀರನ್ನೇ ನೋಡುತ್ತಾ ನಿಲ್ಲುವ ಜೀವರಕ್ಷಕರು ಇದ್ದಾರಾ ಅಂತ ಕೇಳಿದೆ. ಇರಲಿಲ್ಲ. ದೊಡ್ಡ ಮಕ್ಕಳ ಜೊತೆಗೇ ಕೊಳಕ್ಕೆ ಇಳಿಸುತ್ತಾರಂತೆ. ಅಲ್ಲಿ ನೀರು ಮಗಳ ತಲೆಗಿಂತ ಮೇಲೆ.

ಹಾಗಾಗಿ ಈಜು ಬಿಟ್ಟು ಉಳಿದದ್ದಕ್ಕೆ ಸೇರಿಸಿದೆ. ಶುಲ್ಕದಲ್ಲಿ ಅದರ ಪಾಲು ಕಳೆಯಲು ಮೊದಲು ಒಪ್ಪಲಿಲ್ಲ, ಆಮೇಲೆ ಕಳೆದರು. ಮಗಳನ್ನು ಕರೆದುಕೊಂಡು ಹೋಗುವವರು ನಾನು ಮತ್ತು ಅತ್ತೆ ಮಾತ್ರ ಅಂತ ಅರ್ಜಿಯಲ್ಲಿ ಬರೆಸಿದ್ದೇನೆ. ಮೊದಲ ದಿನ ಅತ್ತೆ ಹೋದಾಗ ಗುರುತಿನ ಚೀಟಿ ಕೇಳಿದರಂತೆ. ಅತ್ತೆಗೆ ಸಿಟ್ಟು ಬಂತು, ನನಗೆ ಸಮಾಧಾನವಾಯಿತು.