ತಂಗಿಯ ಕೂದಲು ಕಿತ್ತಳೆಯಾದದ್ದು ಏಕೆ?

ಸಣ್ಣ ಕಾಕೂ: (ಫಾರ್ವರ್ಡ್) ಬ್ಲೀಚ್ ಮಾಡಿದ ಕೂದಲು ಕಿತ್ತಳೆಯಾದರೆ ಪುಡಿ ಕಲಬೆರಕೆ. ಮರುದಿನವೇ ಮತ್ತೆ ಬ್ಲೀಚ್ ಮಾಡಿ, ನೇರಳೆ ಶಾಂಪೂ ಹಚ್ಚಿ.

ಸಣ್ಣ ಕಾಕೂ: ಓದಿದಿರಾ? ಭಾನುವಾರ ಮದುವೆ, ಹುಡುಗಿಯ ತಲೆ ಹೀಗೆ! ಪಾರ್ಲರಿನವರು ಮೋಸ ಮಾಡಿದ್ದಾರೆ.

ದೊಡ್ಡ ಕಾಕಾ: ಪುಡಿಯದೇನು ತಪ್ಪು? ಕಲಬುರಗಿಯ ಬೋರ್‌ವೆಲ್ ನೀರಿನದು. ನಮ್ಮ ಕೊಡವೇ ಬಿಳಿ ಕಟ್ಟುತ್ತದೆ.

ನಾನು: ಕಾಕಾ, ಗಡಸು ನೀರು ಕೂದಲನ್ನು ಒರಟಾಗಿಸುತ್ತದೆ, ನಿಜ. ಒಂದೇ ಮಧ್ಯಾಹ್ನದಲ್ಲಿ ಕಿತ್ತಳೆ ಮಾಡುವುದಿಲ್ಲ. ಆ ಬಣ್ಣ ಹೊರಗಿನಿಂದ ಬಂದದ್ದಲ್ಲ, ಕೂದಲಿನೊಳಗೇ ಇದ್ದದ್ದು. ಕಪ್ಪು ಕೂದಲಿನಲ್ಲಿ ಕಪ್ಪು-ಕಂದಿನ ಯೂಮೆಲನಿನ್ ಜೊತೆಗೆ ಕೆಂಪು-ಹಳದಿಯ ಫಿಯೋಮೆಲನಿನ್ ಕೂಡ ಇರುತ್ತದೆ. ಬ್ಲೀಚಿನ ಪೆರಾಕ್ಸೈಡ್ ಮೊದಲನೆಯದನ್ನು ಬೇಗ ಒಡೆಯುತ್ತದೆ, ಎರಡನೆಯದು ಹಟ ಹಿಡಿದು ಕೂರುತ್ತದೆ. ಹಾಗಾಗಿ ಕಪ್ಪು ಹೋಗುತ್ತಿದ್ದಂತೆ ಕೆಂಪು, ಆಮೇಲೆ ಕಿತ್ತಳೆ, ಹಳದಿ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ತಿಳಿ ಹಳದಿ. ತಂಗಿಯ ಕೂದಲು ಕಿತ್ತಳೆಯಲ್ಲಿ ನಿಂತಿದೆ. ಉಳಿದ ಬಣ್ಣವನ್ನು ಅಡಗಿಸುವ ಟೋನರ್ ಹಾಕದೆ ಮನೆಗೆ ಕಳಿಸಿದ್ದೇ ಪಾರ್ಲರಿನಲ್ಲಿ ಆದ ತಪ್ಪು.

ವೈನಿ: ನೇರಳೆ ಶಾಂಪೂ ನನ್ನ ಬಳಿ ಇದೆ, ಕೊಡಲೇ?

ನಾನು: ಬೇಡ ವೈನಿ. ನೇರಳೆ ಹಳದಿಯನ್ನು ಅಡಗಿಸುತ್ತದೆ, ಕಿತ್ತಳೆಗೆ ನೀಲಿಯೇ ಬೇಕು. ಅಜ್ಜಿ ಹಳದಿಗಟ್ಟಿದ ಧೋತರಕ್ಕೆ ನೀಲಿ ಹಾಕುತ್ತಿದ್ದರಲ್ಲ, ಟೋನರಿನ ಕೆಲಸವೂ ಅದೇ. ಇರುವ ಬಣ್ಣವನ್ನು ಅದು ತೆಗೆಯುವುದಿಲ್ಲ, ಎದುರು ಬಣ್ಣ ಕೂಡಿಸಿ ಮಂಕಾಗಿಸುತ್ತದೆ.

ಸಣ್ಣ ಕಾಕೂ: ಅವಳಿಗೆ ಬೆಳ್ಳಿ ಬಣ್ಣ ಬೇಕಂತೆ.

ನಾನು: ಈ ಭಾನುವಾರಕ್ಕೆ ಆಗದು ಕಾಕೂ. ಟೋನರ್ ಕೂದಲನ್ನು ತಿಳಿಯಾಗಿಸುವುದಿಲ್ಲ. ಬೆಳ್ಳಿ ಬಣ್ಣಕ್ಕೆ ಕೂದಲು ಮೊದಲು ತಿಳಿ ಹಳದಿಯಾಗಬೇಕು, ಅಂದರೆ ಮತ್ತೆ ಬ್ಲೀಚ್. ನಿನ್ನೆ ಅವಳ ಒದ್ದೆ ಎಳೆಯೊಂದನ್ನು ಎಳೆದು ನೋಡಿದೆ. ರಬ್ಬರಿನಂತೆ ಹಿಗ್ಗಿತು, ಹಿಂದಕ್ಕೆ ಬರಲಿಲ್ಲ. ಇನ್ನೊಮ್ಮೆ ಬ್ಲೀಚ್ ಮಾಡಿದರೆ ಬಾಚಣಿಗೆಗೆ ತುಂಡಾಗಿಯೇ ಬರುತ್ತದೆ. ದಯವಿಟ್ಟು ಆ ಫಾರ್ವರ್ಡ್ ಅಳಿಸಿಬಿಡಿ.

ವೈನಿ: ಮತ್ತೆ ದಾರಿ?

ನಾನು: ಬೂದು ಛಾಯೆಯ ತಿಳಿ ಕಂದು. ನೀಲಿ ಬೆರೆತ, ಆ ಕಿತ್ತಳೆಯಷ್ಟೇ ಗಾಢವಾದ ಟೋನರ್ ತೆಗೆದುಕೊಳ್ಳುತ್ತೇನೆ. ನನ್ನ ಬಳಿ ಇರುವುದಕ್ಕೆ 30 ಗ್ರಾಂಗೆ 60 ಮಿಲಿ ಸೌಮ್ಯ ಡೆವಲಪರ್, ಅಂದರೆ ತೆಳು ಪೆರಾಕ್ಸೈಡ್, ಬೆರೆಸಬೇಕು. ಟವೆಲಿನಲ್ಲಿ ಒತ್ತಿದ ಒದ್ದೆ ಕೂದಲಿಗೆ ಹಚ್ಚಿ, ಐದೈದು ನಿಮಿಷಕ್ಕೆ ಒಂದು ಎಳೆಯನ್ನು ಒರೆಸಿ ನೋಡುತ್ತೇನೆ. ಕಿತ್ತಳೆ ಮಾಯವಾದೊಡನೆ ತೊಳೆಯಬೇಕು, ಹೆಚ್ಚೆಂದರೆ 20 ನಿಮಿಷ. ಬಿಟ್ಟರೆ ಕೆಸರು ಬಣ್ಣ. ಕೆಲವು ವಾರ ತಲೆ ತೊಳೆದ ಮೇಲೆ ಟೋನರ್ ಇಳಿದು ಕಿತ್ತಳೆ ಮತ್ತೆ ಇಣುಕುತ್ತದೆ, ಅದನ್ನೂ ಅವಳಿಗೆ ಹೇಳಿಬಿಡಿ.

ದೊಡ್ಡ ಕಾಕಾ: ನಾಳೆಯೇ ಕಳಿಸಲೇ?

ನಾನು: ಇಂದು ಸಂಜೆಯೇ ಕಳಿಸಿ, ಕಿವಿಯ ಹಿಂದೆ ಸ್ವಲ್ಪ ಹಚ್ಚುತ್ತೇನೆ. 48 ಗಂಟೆಯಲ್ಲಿ ತುರಿಕೆ, ಕೆಂಪು ಬರದಿದ್ದರೆ ಗುರುವಾರ ಟೋನರ್.