ಹೊಸ ಟಿವಿಯ ‘Store’: ಅಂಗಡಿಯೋ, ಉಳಿಸಿಡುವುದೋ?

ಮಾನ್ಯರೇ,

ಕಳೆದ ವಾರ ಊರಿನ ಮನೆಗೆ ಹೊಸ ಟಿವಿ ತಂದೆವು. ಭಾಷೆ, ವೈಫೈ ಮುಗಿದ ಮೇಲೆ ಪರದೆಯಲ್ಲಿ ‘Home’, ‘Store’ ಎಂಬ ಎರಡು ಆಯ್ಕೆಗಳು ಬಂದವು. ಅಲ್ಲಿಯವರೆಗೆ ಮಾಡಿದ್ದನ್ನು ಉಳಿಸಿಡಲು ಕೇಳುತ್ತಿದೆ ಎಂದುಕೊಂಡು ಅಪ್ಪ ‘Store’ ಒತ್ತಿದರು. ಚಿತ್ರ ಕಣ್ಣು ಕುಕ್ಕುತ್ತದೆ, ಬೆಳಕು ತಗ್ಗಿಸಿದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಏರುತ್ತದೆ. ‘Home’, ‘Store’ ಎರಡಕ್ಕೂ ಕನ್ನಡದಲ್ಲಿ ಏನು ಹೇಳಬಹುದು? ಜೊತೆಗೆ ಷರತ್ತುಗಳ ಪರದೆಯಲ್ಲಿ ಒಪ್ಪಿಗೆ ಕೇಳುವ ‘Viewing information’ ಎಂದರೇನು?

ದಾವಣಗೆರೆಯಿಂದ:
ಟಿವಿ ಅಳವಡಿಸುವುದೇ ನನ್ನ ಕೆಲಸ. ಅಲ್ಲಿ ‘Store’ ಎಂದರೆ ಅಂಗಡಿ. ಸುತ್ತ ಹತ್ತಾರು ಟ್ಯೂಬ್‌ಲೈಟ್ ಉರಿಯುವಲ್ಲಿ ಚಿತ್ರ ಎದ್ದು ಕಾಣಲೆಂದು ಬೆಳಕನ್ನು ತುಂಬಾ ಏರಿಸಿಟ್ಟಿರುತ್ತಾರೆ. ಗಿರಾಕಿ ಏನನ್ನಾದರೂ ಬದಲಿಸಿದರೆ ಟಿವಿ ತಾನಾಗಿಯೇ ಹಿಂದಿನ ಸ್ಥಿತಿಗೆ ಮರಳುತ್ತದೆ. ನಿಮ್ಮ ಮನೆಯಲ್ಲಿ ಆಗುತ್ತಿರುವುದು ಅದೇ. ವಿದ್ಯುತ್ತೂ ಹೆಚ್ಚು ಬೇಕು. ಸೆಟ್ಟಿಂಗ್ಸ್‌ನಲ್ಲಿ ‘Usage Mode’ ಅಥವಾ ‘Demo mode’ ಎಂಬುದನ್ನು ಹುಡುಕಿ ಬದಲಿಸಿ, ಕಂಪನಿಗೊಂದು ಹೆಸರು. ಸಿಗದಿದ್ದರೆ ಫ್ಯಾಕ್ಟರಿ ರಿಸೆಟ್ ಮಾಡಿ ಮೊದಲಿನಿಂದ ಬನ್ನಿ. ನಾನು ಮನೆಯವರಿಗೆ ‘ಮನೆ ಬಳಕೆ’, ‘ಅಂಗಡಿ ಪ್ರದರ್ಶನ’ ಎಂದು ಹೇಳುತ್ತೇನೆ. ಬರೀ ‘ಅಂಗಡಿ’ ಎಂದರೆ ಆ್ಯಪ್ ಕೊಳ್ಳುವ ಜಾಗ ಎಂದುಕೊಳ್ಳುತ್ತಾರೆ.

ಮೈಸೂರಿನಿಂದ:
‘Viewing information’ ಎಂದರೆ ನೋಡುಗರಿಗೆ ಕೊಡುವ ಮಾಹಿತಿ, ಕಾರ್ಯಕ್ರಮಗಳ ಪಟ್ಟಿ ಇತ್ಯಾದಿ. ‘ವೀಕ್ಷಣಾ ಮಾಹಿತಿ’ ಸರಿಯಾದ ಪದ. ಷರತ್ತುಗಳಿಗೆಲ್ಲ ಒಪ್ಪದಿದ್ದರೆ ಟಿವಿ ಮುಂದೆ ಹೋಗುವುದಿಲ್ಲ.

ದಾವಣಗೆರೆಯಿಂದ:
ಸರ್, ಬಳಕೆಯ ಷರತ್ತಿನ ಮಟ್ಟಿಗೆ ನಿಮ್ಮ ಮಾತು ನಿಜ. ಅದಕ್ಕೆ ಒಪ್ಪದೆ ಇಂಟರ್ನೆಟ್ ಸೇವೆಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ‘Viewing information’ ನಮಗೆ ಬರುವ ಮಾಹಿತಿಯಲ್ಲ, ನಮ್ಮಿಂದ ಹೋಗುವ ಮಾಹಿತಿ. ಪರದೆಯ ಮೇಲಿನ ಚಿತ್ರದ ಗುರುತು ಹಿಡಿದು, ನಾವು ಏನು ನೋಡುತ್ತಿದ್ದೇವೆಂದು ಟಿವಿ ಕಂಪನಿಗೆ ತಿಳಿಸುತ್ತದೆ. ಸೆಟ್‌ಟಾಪ್ ಬಾಕ್ಸ್‌ನಿಂದ ಬಂದ ಚಿತ್ರವನ್ನೂ ಹೀಗೆ ಗುರುತಿಸಬಲ್ಲದು. ಅಮೆರಿಕದಲ್ಲಿ ವಿಜಿಯೊ ಕಂಪನಿ ಜನರ ಒಪ್ಪಿಗೆಯಿಲ್ಲದೆ ಇದನ್ನು ಮಾಡಿದೆಯೆಂಬ ಪ್ರಕರಣದಲ್ಲಿ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಇದಕ್ಕೆ ಒಪ್ಪಿಗೆ ಕೇಳುವ ಚೌಕವನ್ನು ಖಾಲಿ ಬಿಟ್ಟರೂ ಚಾನೆಲ್, ಆ್ಯಪ್ ಎಲ್ಲವೂ ನಡೆಯುತ್ತವೆ. ‘ವೀಕ್ಷಣಾ ಮಾಹಿತಿ’ ಎಂಬ ಪದದಲ್ಲಿ ಯಾರ ಮಾಹಿತಿ ಯಾರಿಗೆ ಎಂಬುದೇ ಮರೆಯಾಗುತ್ತದೆ. ‘ನೀವು ನೋಡಿದ್ದರ ದಾಖಲೆ’ ಎಂದರೆ ಅಜ್ಜಿಗೂ ತಿಳಿಯುತ್ತದೆ.

ಶಿರಸಿಯಿಂದ:
ನಮ್ಮ ಟಿವಿ ಅರ್ಧ ಗಂಟೆ ಚಾನೆಲ್ ಹುಡುಕಿ ಒಂದನ್ನೂ ಕೊಡಲಿಲ್ಲ. ಟಿವಿಯೇ ಕೆಟ್ಟಿದೆಯೇ?

ದಾವಣಗೆರೆಯಿಂದ:
ಕೆಟ್ಟಿಲ್ಲ ಅಕ್ಕಾ. ಡಿಶ್‌ನ ಬಾಕ್ಸ್ ಎಚ್‌ಡಿಎಂಐ ತಂತಿಯಲ್ಲಿ ಬಂದರೆ ಚಾನೆಲ್ ಹುಡುಕುವುದು ಬಾಕ್ಸ್‌ನ ಕೆಲಸ. ಟಿವಿ ಹುಡುಕುವುದು ನೇರವಾಗಿ ತನಗೇ ಜೋಡಿಸಿದ ಆಂಟೆನಾ ಅಥವಾ ಕೇಬಲ್ ತಂತಿಯಲ್ಲಿ ಬರುವುದನ್ನು. ಆ ಹಂತದಲ್ಲಿ ‘Skip’ ಒತ್ತಿ.

ಕೇಳಿದವರಿಂದ:
‘ಮನೆ ಬಳಕೆ’ಗೆ ಬದಲಿಸಿದೆವು, ಬೆಳಕು ಹದಕ್ಕೆ ಬಂತು. ‘Skip’ಗೆ ಮಾತ್ರ ಮನಸ್ಸು ಒಪ್ಪುವ ಪದ ಸಿಕ್ಕಿಲ್ಲ. ‘ಬಿಟ್ಟುಬಿಡಿ’ ಎಂದರೆ ಇನ್ನೆಂದೂ ಸಿಗದು ಎಂದು ಅಪ್ಪ ಹೆದರುತ್ತಾರೆ. ‘ಸದ್ಯಕ್ಕೆ ಬೇಡ’ ಎಂದರೆ ಒತ್ತುತ್ತಾರೆ.

ಮೈಸೂರಿನಿಂದ:
‘ದಾಟಿ’ ಸಾಕಲ್ಲವೇ?